ಶಾಮಣ್ಣನ ಮೂರನೆಯ ಮನೆ

ಕಡೂರಿನ ಸ್ಟೇಷನ್ ರಸ್ತೆಯಲ್ಲಿ ಈರಭದ್ರಪ್ಪನವರ ಕೊಬ್ಬರಿ ಮಂಡಿ ಇತ್ತು. ಆ ಮಂಡಿಯ ಕೊಬ್ಬರಿಯಲ್ಲಿ ಎಣ್ಣೆ ಎಷ್ಟಿತ್ತೆಂದರೆ, ಬಾಗಿಲು ತೆರೆದಿದ್ದ ಹೊತ್ತಿಗೆ ರೈಲು ಹಾದುಹೋದರೆ ಬೀರೂರು ತಲುಪುವಷ್ಟರಲ್ಲಿ ಡ್ರೈವರನ ತಲೆಕೂದಲು ಬಾಚಿದ ಹಾಗೆ ಕೂತಿರುತ್ತಿತ್ತು. ಈ ಮಂಡಿಯ ಲೆಕ್ಕ ಬರೆಯುತ್ತಿದ್ದ ಗುಮಾಸ್ತನೇ ನಮ್ಮ ಶಾಮಣ್ಣ.

ಶಾಮಣ್ಣ ಬಲು ಸಣಕಲು ಆಸಾಮಿ. ಆಷಾಢದ ಗಾಳಿ ಎದ್ದರೆ ಕೋಟಿನ ಎರಡೂ ಜೇಬಿಗೆ ಒಂದೊಂದು ತೂಕದ ಕಲ್ಲು ಹಾಕಿಕೊಂಡೇ ಮನೆಗೆ ಹೊರಡುತ್ತಿದ್ದ. ಒಂದು ವರ್ಷ ಕಲ್ಲು ಮರೆತು ಹೊರಟವನನ್ನು ಸಖರಾಯಪಟ್ಟಣದ ಕಡೆಯ ತೋಟದವರು ತೆಂಗಿನ ಮರದಿಂದ ಇಳಿಸಿ ಬಸ್ಸು ಹತ್ತಿಸಿದರು ಎಂದು ಊರವರು ಹೇಳುತ್ತಾರೆ. ಶಾಮಣ್ಣ ಮಾತ್ರ ಅದನ್ನು ಒಪ್ಪುತ್ತಿರಲಿಲ್ಲ. ಆ ದಿನದ ಬಸ್ ಟಿಕೀಟು ಎಲ್ಲಿದೆ, ತೋರಿಸಿ ಎನ್ನುತ್ತಿದ್ದ.

ಅವನ ಸ್ವಭಾವವೇ ಅದು. ಯಾವುದನ್ನೂ ಇನ್ನೊಂದರ ಜೊತೆ ತಾಳೆ ನೋಡದೆ ನಂಬುತ್ತಿರಲಿಲ್ಲ. ಮದುವೆಯ ದಿನ ಅಂತರಪಟ ಸರಿಸಿದ ಕೂಡಲೇ ಲಗ್ನಪತ್ರಿಕೆಯನ್ನು ಒಮ್ಮೆ, ಹೆಣ್ಣನ್ನು ಒಮ್ಮೆ ನೋಡಿ, "ಸೀತಾದೇವಿ ತಾನೆ?" ಎಂದು ಕೇಳಿ, ಮಾವನ ಕೈಲೂ ಹೌದೆನ್ನಿಸಿಕೊಂಡ ಮೇಲೆಯೇ ತಾಳಿ ಕಟ್ಟಿದ್ದ. ಒಮ್ಮೆ ಬೀರೂರಿಗೆ ಹೋಗುವಾಗ ಟಿಕೀಟಿನ ಮೇಲಿದ್ದ ಹೆಸರನ್ನು, ರೈಲಿನಿಂದ ಇಳಿಯದೆಯೇ, ಅಲ್ಲಿನ ಸ್ಟೇಷನ್ನಿನ ಹಲಗೆಯ ಹೆಸರಿನೊಡನೆ ಅಕ್ಷರ ಅಕ್ಷರವಾಗಿ ತಾಳೆ ನೋಡುತ್ತ ಕೂತ. ನೋಡಿ ಮುಗಿಸುವ ಹೊತ್ತಿಗೆ ರೈಲು ತರೀಕೆರೆಯಲ್ಲಿತ್ತು. ಅಷ್ಟಾದರೂ ಮನೆಗೆ ಬಂದವನ ಮುಖದಲ್ಲಿ ಸಂತೋಷ. "ಟಿಕೀಟು ಸರಿಯಾಗಿತ್ತು ಕಣೇ," ಎಂದು ಹೆಂಡತಿಗೆ ಹೇಳಿದ.

"ಟಿಕೀಟು ಸರಿಯಾಗಿತ್ತು, ನೀವೇ ಸರಿಯಾಗಿಲ್ಲ," ಎಂದಳು ಸೀತಾದೇವಿ.

ಇಂಥವನಿಗೆ ದಿನದಲ್ಲಿ ಹಬ್ಬದಂಥ ಹೊತ್ತು ಒಂದೇ ಒಂದು. ಮಂಡಿಯ ದುಡ್ಡು ಬ್ಯಾಂಕಿಗೆ ಹೋಗಿ, ರಸೀದಿ ವಾಪಸು ಬರುವ ಹೊತ್ತು.

ಅದರ ಕ್ರಮ ಹೀಗಿತ್ತು. ಸಂಜೆ ಶಾಮಣ್ಣ ನೋಟುಗಳನ್ನು ಎಣಿಸಿ, ಕಟ್ಟು ಕಟ್ಟಿ, ಬ್ಯಾಂಕಿನ ಚಲನ್ ತುಂಬುತ್ತಿದ್ದ. ಚಲನ್ನಿಗೆ ಎರಡು ಭಾಗ. ನೂರರ ನೋಟು ಎಷ್ಟು, ಹತ್ತರದ್ದು ಎಷ್ಟು, ಐದರದ್ದು ಎಷ್ಟು, ಕೊನೆಗೆ ಒಟ್ಟು ಎಷ್ಟು ಎಂದು ಎರಡರಲ್ಲೂ ಬರೆಯಬೇಕು. ಒಂದು ಭಾಗ ಬ್ಯಾಂಕಿಗೆ. ಇನ್ನೊಂದಕ್ಕೆ ಅವರು ಎಣಿಸಿ, ಮೊಹರು ಒತ್ತಿ, ರುಜು ಹಾಕಿ ರಸೀದಿಯಾಗಿ ವಾಪಸು ಕೊಡಬೇಕು. ಶಾಮಣ್ಣ ಇದೇ ಅಂಕಿಗಳನ್ನು ತನ್ನದೊಂದು ಪುಸ್ತಕದಲ್ಲೂ ಬರೆದಿಟ್ಟುಕೊಳ್ಳುತ್ತಿದ್ದ. ಕಟ್ಟು ರಾತ್ರಿ ಸಾಹುಕಾರ ಈರಭದ್ರಪ್ಪನವರ ಕಬ್ಬಿಣದ ಪೆಟ್ಟಿಗೆಯಲ್ಲಿ ಮಲಗುತ್ತಿತ್ತು. ಬೆಳಿಗ್ಗೆ ಸಾಹುಕಾರರು ಅದನ್ನು ತೂಕದ ಆಳು ಸಣ್ಣಬೀರಪ್ಪನ ಕೈಗೆ ಕೊಡುತ್ತಿದ್ದರು. ಅವನು ಬ್ಯಾಂಕಿಗೆ ಹೋಗಿ ಕಟ್ಟಿ, ರಸೀದಿ ತಂದು ಶಾಮಣ್ಣನ ಮೇಜಿನ ಮೇಲೆ ಇಡುತ್ತಿದ್ದ.

ಆಗ ಶಾಮಣ್ಣ ಕೆಂಪು ಪೆನ್ಸಿಲು ಕೈಗೆತ್ತಿಕೊಳ್ಳುತ್ತಿದ್ದ. ಅವನ ಪುಸ್ತಕದಲ್ಲಿ ದಿನಕ್ಕೆ ಗೆರೆ ಹಾಕಿದ ಮೂರು ಮನೆಗಳು. ಮೊದಲನೆಯದು ನೋಟಿನ ಎಣಿಕೆಗೆ, ಎರಡನೆಯದು ಒಟ್ಟು ಮೊತ್ತಕ್ಕೆ. ಮೂರನೆಯ ಮನೆಯನ್ನು ಚಿಕ್ಕಮಗಳೂರಿನಿಂದ ವರ್ಷಕ್ಕೊಮ್ಮೆ ಬಂದು ಲೆಕ್ಕ ತನಿಖೆ ಮಾಡುತ್ತಿದ್ದ ಆಡಿಟರ್ ಶಿವಮೂರ್ತಪ್ಪ ಬಲವಂತವಾಗಿ ಹಾಕಿಸಿದ್ದರು. ಬ್ಯಾಂಕಿನವರು ಖೋಟಾ ನೋಟೇನಾದರೂ ಹಿಡಿದಿಟ್ಟುಕೊಂಡಿದ್ದರೆ ಅದರ ಚೀಟಿ ಇದೆಯೋ ಇಲ್ಲವೋ ಎಂದು ಬರೆಯಲು.

ಮೊದಲೆರಡು ಮನೆಗೆ ಶಾಮಣ್ಣ ದಿನವೂ ಗುರುತು ಹಾಕುತ್ತಿದ್ದ. ಮೂರನೆಯದರಲ್ಲಿ "ಇಲ್ಲ" ಎಂದು ಬರೆದೂ ಬರೆದೂ ಅವನಿಗೆ ಬೇಸರ ಬಂದಿತ್ತು. ವರ್ಷಗಟ್ಟಲೆ ಒಂದು ಖೋಟಾ ನೋಟೂ ಇಲ್ಲ. ಎಲ್ಲವನ್ನೂ ತಾಳೆ ನೋಡುವ ಈ ಮಹಾರಾಯ ಆ ಒಂದು ವಿಷಯದಲ್ಲಿ ಮೈಗಳ್ಳನಾಗಿ, ಒಂದು ಭಾನುವಾರ ಕೂತು ಪುಸ್ತಕದ ಕೊನೆಯ ಪುಟದವರೆಗೂ ಮೂರನೆಯ ಮನೆಗಳಲ್ಲೆಲ್ಲ "ಇಲ್ಲ, ಇಲ್ಲ, ಇಲ್ಲ" ಎಂದು ಮುಂಗಡವಾಗಿ ಬರೆದುಬಿಟ್ಟಿದ್ದ.

ಇಷ್ಟು ವರ್ಷದಲ್ಲಿ ಮೊದಲೆರಡು ಮನೆಗಳೂ ಒಂದು ದಿನವೂ ತಪ್ಪಿರಲಿಲ್ಲ. ಅದು ಅವನ ಒಳಗಿನ ನೋವು. ದಿನಾ ಗಾಳ ಹಾಕಿ ಕೂತವನಿಗೆ ಒಂದು ಮೀನೂ ಕಚ್ಚದಿದ್ದರೆ ಹೇಗಿರುತ್ತದೆ? ನಯಾಪೈಸೆ ಚಲಾವಣೆಗೆ ಬಂದಾಗಲಾದರೂ ಒಂದು ತಪ್ಪು ಸಿಗುತ್ತದೆಂದು ಆಸೆಪಟ್ಟಿದ್ದ. ಆಗಲೂ ಸಿಗಲಿಲ್ಲ.

ನಯಾಪೈಸೆ ಬಂದು ನಾಲ್ಕೈದು ವರ್ಷವಾದ ಮೇಲೆ, ಒಂದು ಗುರುವಾರ, ಸಿಕ್ಕಿತು.

ಹಿಂದಿನ ಸಂಜೆ ಶಾಮಣ್ಣ ಬರೆದಿದ್ದದ್ದು ಇಷ್ಟು: ನೂರರ ನೋಟು ನಾಲ್ಕು, ಹತ್ತರದ್ದು ಅರವತ್ತೆರಡು, ಐದರದ್ದು ಮೂವತ್ತು, ಎರಡರದ್ದು ಇಪ್ಪತ್ತೆರಡು, ಒಂದರದ್ದು ಮೂವತ್ತಾರು. ಒಟ್ಟು ಸಾವಿರದ ಇನ್ನೂರೈವತ್ತು ರೂಪಾಯಿ. ಸಣ್ಣಬೀರಪ್ಪ ತಂದಿಟ್ಟ ರಸೀದಿಯಲ್ಲಿ ಹತ್ತರ ಸಾಲಿನ ಅರವತ್ತೆರಡನ್ನು ಕೆಂಪು ಮಸಿಯಲ್ಲಿ ಹೊಡೆದು ಅರವತ್ತೊಂದು ಮಾಡಿದ್ದರು. ಆರುನೂರ ಇಪ್ಪತ್ತು ಹೋಗಿ ಆರುನೂರ ಹತ್ತಾಗಿತ್ತು. ಕೆಳಗೆ ಒಟ್ಟು ಸಾವಿರದ ಇನ್ನೂರ ನಲವತ್ತು. ತಿದ್ದಿದ ಕಡೆಯಲ್ಲೆಲ್ಲ ಬ್ಯಾಂಕಿನವರ ಸಣ್ಣ ರುಜು.

ಶಾಮಣ್ಣ ಕನ್ನಡಕ ತೆಗೆದ. ಒರೆಸಿದ. ಹಾಕಿಕೊಂಡ. ಅರವತ್ತೊಂದು ಅರವತ್ತೊಂದೇ ಆಗಿತ್ತು. ಅವನ ಎದೆ ನಗಾರಿಯಂತೆ ಬಡಿದ ಸದ್ದಿಗೆ ಮಾಡಿನ ಮೇಲಿದ್ದ ಪಾರಿವಾಳಗಳು ಎದ್ದು ಅಜ್ಜಂಪುರದ ಕಡೆ ಹಾರಿಹೋದವು.

"ಸಿಕ್ತು!" ಎಂದು ಕೂಗಿದ. "ಸಾಹುಕಾರ್ರೇ, ಬನ್ನಿ ಬನ್ನಿ! ಸಿಕ್ತು! ಹತ್ತು ರೂಪಾಯಿ ತಪ್ಪಿದೆ!"

ಲಾಟರಿ ಹೊಡೆದವನಂತೆ ಕುಣಿಯುತ್ತಿದ್ದ ಗುಮಾಸ್ತನನ್ನು ನೋಡಿ ಈರಭದ್ರಪ್ಪನವರು ಗದ್ದಿಗೆಯಿಂದ ಎದ್ದರು. ಅವರು ಏಳುವುದು ಸಾಮಾನ್ಯದ ಕೆಲಸವಲ್ಲ. ಅವರು ಎದ್ದ ಮೇಲೆ ಗದ್ದಿಗೆ ಮತ್ತೆ ಉಬ್ಬುವುದಕ್ಕೆ ಅರ್ಧ ದಿನ ಬೇಕು.

"ಏನ್ರೀ ಶಾಮಣ್ಣ, ಹತ್ತು ರೂಪಾಯಿ ಹೋದ್ರೆ ಹಿಂಗೆ ಕುಣೀತೀರಲ್ಲ, ನೂರು ಹೋದ್ರೆ ಏನು ತೇರು ಎಳೀತೀರಾ?"

"ಎಣಿಕೆ ತಪ್ಪಿದೆ, ಒಟ್ಟೂ ತಪ್ಪಿದೆ! ನಿನ್ನೆ ಸಂಜೆ ನಾನು ಒಂದೊಂದೂ ನೋಡಿ ಎಣಿಸಿದೀನಿ, ಅರವತ್ತೆರಡು. ಇವತ್ತು ಬ್ಯಾಂಕಿನಲ್ಲಿ ಅರವತ್ತೊಂದು."

ಸಾಹುಕಾರರು ಮೆಲ್ಲಗೆ ಬಾಗಿಲ ಕಡೆ ತಿರುಗಿದರು. ಅಲ್ಲಿ ಸಣ್ಣಬೀರಪ್ಪ ತಕ್ಕಡಿಯ ಸರಪಳಿ ಒರೆಸುತ್ತಿದ್ದ. ಹೆಸರಿಗೆ ಮಾತ್ರ ಸಣ್ಣ. ಕೊಬ್ಬರಿ ಮೂಟೆಯನ್ನು ಒಂದೊಂದು ಕಂಕುಳಲ್ಲಿ ಒಂದೊಂದು ಇಟ್ಟುಕೊಂಡು, ಮೂರನೆಯದು ಎಲ್ಲಿ ಎಂದು ಕೇಳುವ ಆಳು.

"ಲೇ ಬೀರ, ಇಲ್ಲಿ ಬಾ. ಪೆಟ್ಟಿಗೆಯಿಂದ ಬ್ಯಾಂಕಿಗೆ ಹೋಗೋ ದಾರೀಲಿ ಎಷ್ಟು ಹೋಟ್ಲು ಅವೆ?"

"ಎರಡು ಅವೆ ಧಣಿ."

"ಯಾವುದಕ್ಕೆ ಹೋಗಿದ್ದೆ?"

"ಯಾವುದಕ್ಕೂ ಇಲ್ಲ ಧಣಿ. ನೆಟ್ಟಗೆ ಬ್ಯಾಂಕಿಗೆ ಹೋದೆ. ಇವತ್ತು ಅಲ್ಲಿ ನಂಗೆ ಎಂಥಾ ಮರ್ಯಾದೆ ಅಂತೀರಿ!"

"ಮರ್ಯಾದೆನಾ?"

"ಹೂ ಧಣಿ. ಕ್ಯಾಷಿಯರ್ ವೆಂಕಟಸುಬ್ಬಯ್ಯೋರು ನಮ್ಮ ನೋಟು ಎಣಿಸ್ತಾ ಎಣಿಸ್ತಾ ಹಂಗೇ ನಿಂತ್ಬಿಟ್ರು. ಒಂದು ನೋಟ್ನ ಬೆಳಕಿಗೆ ಹಿಡಿದ್ರು. ಆಮೇಲೆ ಮ್ಯಾನೇಜ್ರನ್ನ ಕರೆದ್ರು. ಅವರೂ ಎದ್ದು ಬಂದು ಬೆಳಕಿಗೆ ಹಿಡಿದ್ರು. ಆ ನೋಟಿಗೆ ಒಂದು ಮೊಹರು ಬೇರೆ ಒತ್ತಿದ್ರು. ಬಾ ಸಣ್ಣಬೀರಪ್ಪ, ಒಳಗೆ ಕೂತ್ಕೋ ಅಂದ್ರು. ಬೆಂಚಲ್ಲ ಧಣಿ, ಕುರ್ಚಿ! ತಿದ್ದಿದ ಕಡೆಗೆಲ್ಲ ಬ್ಯಾಂಕಿನ ಪಾಲಿನ ಚಲನ್ ಮೇಲೆ ರುಜು ಹಾಕು ಅಂದ್ರು, ಹಾಕಿದೆ. ರಾತ್ರಿ ಇಸ್ಕೂಲಲ್ಲಿ ಕಲ್ತಿದ್ದು ಸಾರ್ಥಕ ಆಯ್ತು. ನೋಟು ಬಾಳ ಚೆನ್ನಾಗೈತೆ ಅಂತ ಅವರೇ ಇಟ್ಕಂಡಿರಬೇಕು."

"ಚೆನ್ನಾಗಿದೆ ಅಂತ ಬ್ಯಾಂಕಿನವರು ನೋಟು ಇಟ್ಕಳ್ತಾರೇನಲೇ!" ಸಾಹುಕಾರರ ಮುಖ ಹಣ್ಣು ಮೆಣಸಿನಕಾಯಿಯಾಯಿತು. "ಖೋಟಾ ನೋಟು! ದಾರೀಲಿ ಒಳ್ಳೇದು ಎತ್ತಿ ಕೆಟ್ಟದ್ದು ಸೇರ್ಸಿದೀಯ. ಶಾಮಣ್ಣೋರು ಎಣಿಸಿದಾಗ ಎಲ್ಲ ಸರಿ ಇತ್ತು, ಪೆಟ್ಟಿಗೆ ಬೀಗ ನನ್ನ ಹತ್ರ. ಉಳಿದೋನು ನೀನೊಬ್ಬನೇ. ಸರಪಳಿ ಅಲ್ಲಿಡು. ಸಂಜೆ ಲೆಕ್ಕ ತೀರಿಸ್ತೀನಿ, ನಾಳೆಯಿಂದ ಈ ಕಡೆ ತಲೆ ಹಾಕಬ್ಯಾಡ."

ಸಣ್ಣಬೀರಪ್ಪ ಸರಪಳಿ ಇಟ್ಟ. ಅಷ್ಟು ದೊಡ್ಡ ಆಳು ಒಂದು ಗಳಿಗೆಯಲ್ಲಿ ಅರ್ಧಕ್ಕೆ ಇಳಿದಂತಾಯಿತು.

"ಧಣಿ, ನಾನು ಮುಟ್ಟಿಲ್ಲ. ನಮ್ಮವ್ವನಾಣೆ. ಶಾಮಣ್ಣೋರೇ, ನೀವಾದ್ರೂ ಹೇಳಿ."

ಶಾಮಣ್ಣನ ಕುಣಿತ ನಿಂತಿತು. ಇಷ್ಟು ವರ್ಷ ಕಾದು ಹಿಡಿದ ಮೀನು ಗಾಳದ ತುದಿಯಲ್ಲಿ ಅವನನ್ನೇ ನೋಡುತ್ತಿತ್ತು. ಅದರ ಮುಖ ಸಣ್ಣಬೀರಪ್ಪನದು. ಆಷಾಢದಲ್ಲಿ ಎಷ್ಟೋ ಸಂಜೆ ಇವನು ಹಾರಿಹೋಗದ ಹಾಗೆ ರಟ್ಟೆ ಹಿಡಿದು ಮನೆಗೆ ಮುಟ್ಟಿಸಿದವನು ಆ ಸಣ್ಣಬೀರಪ್ಪನೇ. ಕೂಗುವುದನ್ನು ಕೂಗಿಯಾಗಿತ್ತು, ಈಗ ವಾಪಸು ನುಂಗುವ ಹಾಗಿಲ್ಲ.

"ಒಂದು ನಿಮಿಷ ಸಾಹುಕಾರ್ರೇ," ಎಂದ. "ಬ್ಯಾಂಕಿನವರು ನೋಟು ಹಿಡಿದಿಟ್ಕೊಂಡ್ರೆ ಸುಮ್ಮನೆ ಕಳಿಸೋ ಹಾಗಿಲ್ಲ. ಚೀಟಿ ಕೊಡಬೇಕು. ಎಲ್ಲಿ ಚೀಟಿ?"

"ರಸೀದಿ ಹಿಂದೆ ಗುಂಡುಸೂಜಿ ಚುಚ್ಚಿ ಒಂದು ಕಾಗದ ಕೊಟ್ಟವ್ರಲ್ಲ ಸ್ವಾಮಿ," ಎಂದ ಸಣ್ಣಬೀರಪ್ಪ. "ಮರ್ಯಾದೆ ಪತ್ರ."

ಶಾಮಣ್ಣ ರಸೀದಿ ತಿರುಗಿಸಿದ. ಚೀಟಿ ಅಲ್ಲೇ ಇತ್ತು. ಪುಸ್ತಕದ ಮೂರನೆಯ ಮನೆಯಲ್ಲಿ ಅವನದೇ ದುಂಡು ಅಕ್ಷರದ "ಇಲ್ಲ" ಅವನನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಬ್ಯಾಂಕು ಅಂಕಿ ತಪ್ಪಿರಲಿಲ್ಲ. ಅರವತ್ತೆರಡರಲ್ಲಿ ಒಂದನ್ನು ಹಿಡಿದಿಟ್ಟುಕೊಂಡು, ಉಳಿದ ಅರವತ್ತೊಂದನ್ನು ಖಾತೆಗೆ ಹಾಕಿ, ಹಾಗೆಂದು ಬರೆದೂ ಕೊಟ್ಟಿತ್ತು. ಹಿಂದೆ ತಿರುಗಿಸಿ ನೋಡುವ ಮೊದಲೇ ಊರೆಲ್ಲ ಕೇಳುವಂತೆ ಕೂಗಿದವನು ತಾನು.

ಚೀಟಿ ಇಂಗ್ಲಿಷಿನಲ್ಲಿತ್ತು. ಶಾಮಣ್ಣ ಒಂದೊಂದೇ ಸಾಲನ್ನು ಕನ್ನಡಕ್ಕೆ ಇಳಿಸುತ್ತ ಗಟ್ಟಿಯಾಗಿ ಓದಿದ. "ಹತ್ತು ರೂಪಾಯಿ ನೋಟು ಒಂದು. ಖೋಟಾ ಎಂದು ತಿಳಿದುಬಂದದ್ದರಿಂದ ಹಿಡಿದಿಡಲಾಗಿದೆ. ವಾಪಸು ಕೊಡತಕ್ಕದ್ದಲ್ಲ, ಪೋಲೀಸಿಗೆ ಕಳಿಸತಕ್ಕದ್ದು. ಖಾತೆದಾರರು, ಈರಭದ್ರಪ್ಪನವರ ಮಂಡಿ. ನೋಟು ತಂದವರು, ಸಣ್ಣಬೀರಪ್ಪ. ನೋಟಿನ ನಂಬರು, ಎಚ್ ಕೆಳಗೆ ನಲವತ್ತೊಂದು. ಮುಂದೆ, ಐದು, ಒಂದು, ಎಂಟು..."

"ನಾಲ್ಕು, ಸೊನ್ನೆ, ಒಂಬತ್ತು," ಎಂದರು ಈರಭದ್ರಪ್ಪನವರು.

ಶಾಮಣ್ಣ ಚೀಟಿ ನೋಡಿದ. ನಾಲ್ಕು, ಸೊನ್ನೆ, ಒಂಬತ್ತು. ಸಾಹುಕಾರರು ತಮ್ಮ ಬಾಯಿಯನ್ನು ತಾವೇ ಕೈಯಿಂದ ಮುಚ್ಚಿಕೊಂಡಿದ್ದರು.

"ಚೀಟಿ ನಿಮಗೆ ಕಾಣಿಸ್ತಿಲ್ಲವಲ್ಲ," ಎಂದ ಶಾಮಣ್ಣ. "ಹೇಗೆ ಗೊತ್ತಾಯ್ತು?"

"ಬಾಯಿಗೆ ಬಂತು."

"ಆರು ಅಂಕಿ ಬಾಯಿಗೆ ಬರುತ್ತಾ ಸಾಹುಕಾರ್ರೇ?"

ಈರಭದ್ರಪ್ಪನವರು ಗದ್ದಿಗೆಯ ಮೇಲೆ ಕುಸಿದರು. ಕಡೂರಿನ ನೆಲ ಒಂದು ಸಲ ಅದುರಿತು. ಮಗುವಿನ ದನಿಯಲ್ಲಿ ಎಲ್ಲವನ್ನೂ ಹೇಳಿದರು.

ಮಂಡಿ ಆರಂಭಿಸಿದ ದಿನ ಬೀರೂರು ಜಂಕ್ಷನ್ನಿನಿಂದ ಬಂದ ಯಾರೋ ಗುರುತಿಲ್ಲದ ಗಿರಾಕಿ ಬೋಣಿಗೆಯಾಗಿ ಕೊಟ್ಟ ಹತ್ತು ರೂಪಾಯಿ ನೋಟು ಅದು. ಅಂಕಿ ಕೂಡಿಸಿದರೆ ಇಪ್ಪತ್ತೇಳು, ಎರಡೂ ಏಳೂ ಸೇರಿದರೆ ಒಂಬತ್ತು. ಬಲು ಶುಭ ಎಂದು ಒಬ್ಬ ಜೋಯಿಸರು ಹೇಳಿದ್ದರು. ಸಾಹುಕಾರರು ಅದನ್ನು ಬೆಳ್ಳಿ ಡಬ್ಬಿಯಲ್ಲಿಟ್ಟು, ಶುಕ್ರವಾರಕ್ಕೊಮ್ಮೆ ಕುಂಕುಮ ಹಚ್ಚಿ, ಕರ್ಪೂರ ಬೆಳಗುತ್ತ ಬಂದಿದ್ದರು. ಬೆಳಿಗ್ಗೆ ಅಂಗಡಿ ತೆರೆಯುವಾಗ ಅವರ ತುಟಿ ಅಲ್ಲಾಡುತ್ತಿದ್ದದ್ದನ್ನು ಕಂಡು ಏನೋ ಸಂಸ್ಕೃತದ ಮಂತ್ರ ಎಂದು ಊರವರು ಕೈಮುಗಿಯುತ್ತಿದ್ದರು. ಮಂತ್ರ ಇದೇ, ಐದು ಒಂದು ಎಂಟು ನಾಲ್ಕು ಸೊನ್ನೆ ಒಂಬತ್ತು.

"ಅದು ಕಟ್ಟಿನೊಳಗೆ ಹೇಗೆ ಹೋಯ್ತು?"

"ಬೆಳಿಗ್ಗೆ ಅಜ್ಜಂಪುರದ ಭಾವಮೈದ ಬಸವರಾಜಪ್ಪ ಬಂದಿದ್ನಲ್ಲ. ರೈಲು ಬರೋ ಹೊತ್ತು, ಹತ್ತು ರೂಪಾಯಿ ಕೊಡಿ ಭಾವ ಅಂತ ಜೀವ ತಿಂದ. ಕಟ್ಟಿನಿಂದ ಒಂದು ಎಳೆದು ಕೊಟ್ಟೆ. ಎಣಿಕೆ ಕಮ್ಮಿ ಆದ್ರೆ ನೀವು ಬಂದು ನನ್ನ ಪ್ರಾಣ ತೆಗೀತೀರ ಅಂತ, ಐದೇ ನಿಮಿಷ ಇರಲಿ ಅಂದ್ಕೊಂಡು ಡಬ್ಬಿಯ ಲಕ್ಷ್ಮೀನ ಕಟ್ಟಿಗೆ ಸೇರ್ಸಿದೆ. ಮೊದಲ ವ್ಯಾಪಾರದ ಹತ್ತು ಬಂದ ಮೇಲೆ ಬದಲಾಯ್ಸೋಣ ಅಂತಿದ್ದೆ. ಆಮೇಲೆ ಅವನು ಕಾಫೀನೂ ಕೇಳಿದ. ಆ ಸಂಕಟದಲ್ಲಿ ಮರ್ತೇ ಹೋಯ್ತು."

ಸಣ್ಣಬೀರಪ್ಪ ಮತ್ತೆ ಪೂರ್ತಿ ಅಳತೆಗೆ ಬಂದ. ಸರಪಳಿ ಎತ್ತಿಕೊಂಡ.

"ಧಣಿ, ನಾನು ಹೋಗ್ಬೇಕಾ, ಇರ್ಬೇಕಾ?"

"ಸುಮ್ಕಿರಲೇ," ಎಂದರು ಸಾಹುಕಾರರು. ಮತ್ತೆ ಶಾಮಣ್ಣನ ಕಡೆ ತಿರುಗಿ, "ನೋಡ್ರೀ, ಅದು ಖೋಟಾ ಆಗಿರಾಕೆ ಸಾಧ್ಯವೇ ಇಲ್ಲ. ಬ್ಯಾಂಕಿನಲ್ಲಿ ಬೆಳಕು ಸರಿ ಇಲ್ಲ. ನಡೀರಿ, ಬಿಡಿಸ್ಕೊಂಡು ಬರೋಣ," ಎಂದರು, ಜೈಲಿನಲ್ಲಿರುವ ಮಗನ ವಿಷಯ ಮಾತಾಡುವಂತೆ.

ಮೂವರೂ ಬ್ಯಾಂಕಿಗೆ ಹೋದರು. ಕ್ಯಾಷಿಯರ್ ವೆಂಕಟಸುಬ್ಬಯ್ಯನವರು ಈ ಮಂಡಿಯ ಹೆಸರು ಕೇಳಿದರೆ ಸಾಕು ಬೆರಳು ಒರೆಸಿಕೊಳ್ಳುವವರು. ಶುಕ್ರವಾರ ಸಾಹುಕಾರರು ಬೆಳ್ಳಿ ಡಬ್ಬಿಯ ನೋಟಿಗೂ ಗಲ್ಲಾದ ಎಲ್ಲ ನೋಟಿಗೂ ಕುಂಕುಮ ಎರಚುತ್ತಿದ್ದುದರಿಂದ ಶನಿವಾರ ಕ್ಯಾಷಿಯರರ ಎರಡೂ ಕೈ ಮದುಮಗಳ ಕೈಯಂತಾಗುತ್ತಿದ್ದವು.

"ನಿಮ್ಮ ಕುಂಕುಮದಿಂದಲೇ ಸಿಕ್ಕಿದ್ದು," ಎಂದರು ಅವರು. "ಒಂದು ನೋಟಿನ ಮೇಲೆ ಗುಡ್ಡದಷ್ಟು ಬಳಿದಿತ್ತು. ನಂಬರು ಕಾಣಲಿ ಅಂತ ಒರೆಸಿದೆ. ಕುಂಕುಮದ ಜೊತೆ ಮಸಿಯೂ ಬಂತು. ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಸಿಂಹವೇ ಇಲ್ಲ. ಒಳ್ಳೆ ನೋಟಿನಲ್ಲಿ ಕಾಗದದೊಳಗೇ ಸಿಂಹದ ಗುರುತು ಇರುತ್ತೆ. ಇದರಲ್ಲಿ ಯಾರೋ ಎಣ್ಣೆಯಲ್ಲಿ ಬರೆದಿದ್ದಾರೆ. ಸಿಂಹ ಅಂತ ಬರೆಯೋಕೆ ಹೋಗಿ ಕುರಿ ಬರೆದಿದ್ದಾರೆ."

"ವಾಪಸು ಕೊಡಿ ಸ್ವಾಮಿ. ಖರ್ಚು ಮಾಡಾಕಿಲ್ಲ. ಪೂಜೆಗೆ ಅಷ್ಟೇ."

"ಅದು ಆಗೋದಿಲ್ಲ. ಮೊಹರು ಬಿದ್ದು, ರಿಜಿಸ್ಟರಿಗೆ ಏರಿದೆ. ಇನ್ನು ಪೋಲೀಸಿನವರಿಗೆ."

"ಹೋಗಲಿ, ಒಂದೇ ಒಂದು ಸಲ ದರ್ಶನ ಮಾಡ್ಸಿ. ಹೂವು ತಂದಿದೀನಿ."

ವೆಂಕಟಸುಬ್ಬಯ್ಯನವರು ಕಿಟಕಿಯ ಪರದೆ ಎಳೆದುಬಿಟ್ಟರು. ಸಾಹುಕಾರರು ಪರದೆಗೇ ಒಂದು ಮಲ್ಲಿಗೆ ಏರಿಸಿ ಬಂದರು.

ವಾರ ಕಳೆದು ಒಬ್ಬ ಹವಾಲ್ದಾರ ಬಂದು ನೋಟು ಯಾರಿಂದ ಬಂತೆಂದು ಹೇಳಿಕೆ ಬರೆದುಕೊಂಡ. ಮಂಡಿಗೆ ಬೋಣಿ ಮಾಡಿದ ಗಿರಾಕಿಯ ಗುರುತು ಹೇಳಿ ಎಂದಾಗ ಸಾಹುಕಾರರು, "ಸಾಕ್ಷಾತ್ ದೇವರ ಹಂಗೆ ಇದ್ದ," ಎಂದರು. ಹವಾಲ್ದಾರ ಅದನ್ನೇ ಬರೆದುಕೊಂಡು ಹೋದ. ಆ ಚಹರೆಯವನು ಇನ್ನೂ ಸಿಕ್ಕಿಲ್ಲವಂತೆ.

ಮಂಡಿಯಲ್ಲಿ ಉಳಿದದ್ದು ಹತ್ತು ರೂಪಾಯಿಯ ಪ್ರಶ್ನೆ. ರೋಕಡ ಪುಸ್ತಕದಲ್ಲಿ ಬ್ಯಾಂಕಿಗೆ ಕಟ್ಟಿದ್ದು ಸಾವಿರದ ಇನ್ನೂರ ನಲವತ್ತು ಎಂದು ತಿದ್ದಿ, ಉಳಿದ ಹತ್ತನ್ನು ಯಾರದಾದರೂ ತಲೆಗೆ ಹಾಕಬೇಕು. "ಬೀರನ ಖಾತೆಗೆ," ಎಂದರು ಸಾಹುಕಾರರು, ಅಭ್ಯಾಸಬಲದಿಂದ. ಶಾಮಣ್ಣ ಲೇಖನಿ ಕೆಳಗಿಟ್ಟ. ಜನ್ಮದಲ್ಲಿ ಮೊದಲ ಸಲ ಸಾಹುಕಾರರ ಮುಖವನ್ನು ನೇರವಾಗಿ ನೋಡಿದ.

"ಬಸವರಾಜಪ್ಪನವರಿಗೆ ಕೊಟ್ಟ ಹತ್ತು, ಸಾಹುಕಾರರ ಸ್ವಂತ ಖಾತೆಗೆ," ಎಂದು ಗಟ್ಟಿಯಾಗಿ ಹೇಳುತ್ತ ಬರೆದ. ಮೂರನೆಯ ಮನೆಯ "ಇಲ್ಲ"ವನ್ನು ಹೊಡೆದು "ಇದೆ" ಎಂದು ಮಾಡಿದ. ಮುಂದಿನ ಪುಟಗಳ ಅಷ್ಟೂ "ಇಲ್ಲ"ಗಳನ್ನು ರಬ್ಬರಿನಿಂದ ಉಜ್ಜಿದ. ಆ ಪುಡಿಯನ್ನು ಸೀತಾದೇವಿ ಒಂದು ದಿಂಬಿಗೆ ತುಂಬಿದಳು ಎನ್ನುತ್ತಾರೆ.

ಸಾಹುಕಾರರಿಗೆ ಮಾತ್ರ ಬೆಳ್ಳಿ ಡಬ್ಬಿ ಬರಿದಾದದ್ದು ಸಹಿಸಲಾಗಲಿಲ್ಲ. ಬೇರೆ ನೋಟು ಇಡಲು ಧೈರ್ಯವಿಲ್ಲ, ಅದೂ ಕುರಿಯಾದರೆ? ಕೊನೆಗೆ ಬ್ಯಾಂಕಿನ ಆ ಚೀಟಿಯನ್ನೇ ಕೇಳಿ ಪಡೆದರು. ಅದರಲ್ಲಿ ಲಕ್ಷ್ಮಿಯ ನಂಬರೂ ಇತ್ತು, ಮೇಲೆ ಖಾತ್ರಿಯಾದ ಬ್ಯಾಂಕಿನ ಮೊಹರು. ಚೌಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿ ತೂಗುಹಾಕಿ, ಶುಕ್ರವಾರ ಶುಕ್ರವಾರ ಮಂಗಳಾರತಿ ಮಾಡಿದರು. ವ್ಯಾಪಾರ ಮೊದಲಿನ ಹಾಗೆಯೇ ನಡೆಯಿತು.

ವರ್ಷದ ಕೊನೆಗೆ ಆಡಿಟರ್ ಶಿವಮೂರ್ತಪ್ಪನವರು ಬಂದು, ಹತ್ತು ರೂಪಾಯಿಗೆ ವೋಚರು ಎಲ್ಲಿ ಎಂದರು. ಶಾಮಣ್ಣ ಗೋಡೆ ತೋರಿಸಿದ. ಅವರು ಪೆನ್ನು ಹಿಡಿದು ಹತ್ತಿರ ಹೋಗುತ್ತಿದ್ದಂತೆ ಸಣ್ಣಬೀರಪ್ಪ ಅಡ್ಡ ನಿಂತ.

"ಬೂಟು ಬಿಟ್ಟು ಬನ್ನಿ ಸ್ವಾಮಿ."

ಆಡಿಟರು ಬೂಟು ಬಿಟ್ಟು, ಬುಡ್ಡಿದೀಪದ ಬೆಳಕಿನಲ್ಲಿ ನಂಬರು, ಮೊತ್ತ, ತಾರೀಖು ತಾಳೆ ನೋಡಿದರು. "ನೋಟು ತಂದವರು ಅಂತ ಒಂದು ಹೆಸರಿದೆ. ಕುಂಕುಮದಲ್ಲಿ ಮುಚ್ಚಿಹೋಗಿದೆ. ಯಾರದು?"

"ನಂದೇ ಸ್ವಾಮಿ," ಎಂದ ಸಣ್ಣಬೀರಪ್ಪ, ಎದೆ ಗೋಡೆಗೆ ಮುಟ್ಟುವಷ್ಟು ಉಬ್ಬಿಸಿ. "ಧಣಿ ವಾರವಾರ ಕೈಮುಗಿಯೋದು ಅದಕ್ಕೇಯ. ಹೋದ ಶುಕ್ರವಾರ ಕಾಯೂ ಒಡೆದ್ರು."

ಗದ್ದಿಗೆಯ ಮೇಲೆ ಈರಭದ್ರಪ್ಪನವರು ಕೆಮ್ಮಿದರು. "ಲೇ ಬೀರ, ಸಾಕು, ತಕ್ಕಡಿ ನೋಡ್ಹೋಗು."

"ಹೋಯ್ತೀನಿ ಧಣಿ. ಶುಕ್ರವಾರ ಕಾಯಿ ಸ್ವಲ್ಪ ದೊಡ್ಡದು ಒಡೀರಿ."